ಲೆಕ್ಕದಾಗ A ಕ್ಯಾನ್ಸಲ್ ಆಗ್ತೈತಿ, ಖರೆ. ಆದ್ರ ಎಲ್ಲಾ ನ್ಯೂಕ್ಲಿಯಸ್ ಸಾಂದ್ರತೆ ಒಂದೇ ಯಾಕ?

ಮುಧೋಳದ_ಪಿಯುಸಿ
ಎಲ್ಲಾರಿಗೂ ನಮಸ್ಕಾರ್ರಿ. ನಾನು ಸೆಕೆಂಡ್ ಪಿಯುಸಿ ಸೈನ್ಸ್. ನ್ಯೂಕ್ಲಿಯಸ್ ಪಾಠದಾಗ ಒಂದು ಕಡೆ ಸಿಕ್ಕೊಂಡೇನಿ. ತ್ರಿಜ್ಯಕ್ಕ R = R₀A^(1/3) ಅಂತ ಸೂತ್ರ ಕೊಟ್ಟಾರ, A ಅಂದ್ರ ಒಳಗಿನ ಪ್ರೋಟಾನ್, ನ್ಯೂಟ್ರಾನ್ ಒಟ್ಟು ಸಂಖ್ಯೆ, R₀ ಅಂದ್ರ 1.2 ಫೆರ್ಮಿ, ಒಂದು ಫೆರ್ಮಿ ಅಂದ್ರ 10⁻¹⁵ ಮೀಟರ್. ಅದನ್ನ ಘನ ಮಾಡಿದ್ರ ಗಾತ್ರ A ಜೋಡಿ ಏರ್ತೈತಿ, ತೂಕಾನೂ A ಜೋಡಿ ಏರ್ತೈತಿ, ಭಾಗಿಸಿದ್ರ A ಹೋಗಿಬಿಡ್ತೈತಿ. ಇಷ್ಟು ತಿಳಿದೈತಿ. ತಿಳೀಲಾರದ್ದು ಏನಂದ್ರ, A ಹೋಗೂದು ನಮ್ಮ ಹಾಳ್ಯಾಗ. ನ್ಯೂಕ್ಲಿಯಸ್ಸಿಗೆ ಅದು ಹೆಂಗ ಗೊತ್ತಾಗ್ತೈತಿ? ಸೀಸದಾಗ 208 ಕಣ ಒಂದನ್ನೊಂದು ಎಳೀತಿರ್ತಾವ, ಆಕ್ಸಿಜನ್‌ದಾಗ ಬರೇ 16. ಜಾಸ್ತಿ ಮಂದಿ ಎಳದ್ರ ಜಾಸ್ತಿ ಬಿಗಿಯಾಗಬೇಕಲ್ಲ? ಕ್ಲಾಸಿನ್ಯಾಗ ಕೇಳಿದ್ರ "ಸೂತ್ರದಿಂದ ಬರ್ತೈತಿ" ಅಂದ್ರು.

ಟ್ಯೂಷನ್_ಮಾಸ್ತರ_ವಿಜಯಪುರ
ತಂಗಿ, ಇದಕ್ಕ ತಲಿ ಕೆಡಿಸ್ಕೊಳ್ಳೂದು ಬ್ಯಾಡ. ಸೀಇಟಿಗೆ ಎರಡೇ ನಮೂನಿ ಪ್ರಶ್ನೆ ಬರ್ತಾವ. ಒಂದು, A 27 ಮತ್ತ 125 ಇದ್ರ ತ್ರಿಜ್ಯಗಳ ಅನುಪಾತ ಎಷ್ಟು. ಘನಮೂಲ ತಗೀ, 3:5. ಎರಡನೇದು, ಅವೇ ಎರಡರ ಸಾಂದ್ರತೆಗಳ ಅನುಪಾತ. ಕಣ್ಣು ಮುಚ್ಚಿ 1:1. ಬೆಲೆ ಕೇಳಿದ್ರ ಘನ ಮೀಟರಿಗೆ 2.3×10¹⁷ ಕೆ.ಜಿ.

ಕಾರಣಾನೂ ಸರಳ ಅದ. ಪ್ರೋಟಾನ್, ನ್ಯೂಟ್ರಾನ್ ಅಂದ್ರ ಗಟ್ಟಿ ಗೋಳಗಳು. ಒಂದಕ್ಕೊಂದು ತಾಗಿ ಒತ್ತಿ ಕುಂತಾವ. ಗಟ್ಟಿ ಇದ್ದದ್ದು ಇನ್ನ ಒತ್ತಂಗಿಲ್ಲ, ಹಂಗಾಗಿ ಸಾಂದ್ರತೆ ಬದಲಾಗಂಗಿಲ್ಲ. ಅಷ್ಟs.

ಉದ್ಯಮಬಾಗ_ಫೌಂಡ್ರಿ
ನಾ ಓದಿದ್ದು ಐಟಿಐ. ಬೆಳಗಾವ್ಯಾಗ ಎರಕದ ಕೆಲಸ ಮಾಡ್ತೀನಿ. ಎಲ್ಲಾದ್ದರ ಸಾಂದ್ರತೆ ಒಂದs ಅಂದ್ರ ನಾ ಒಪ್ಪೂದಿಲ್ರಿ. ಅಲ್ಯೂಮಿನಿಯಂ 2.7, ಬೀಡು ಕಬ್ಬಿಣ 7.2ರ ಆಸುಪಾಸು, ಸೀಸ 11.3. ಅದs ಪ್ಯಾಟರ್ನಿಗೆ ಅಲ್ಯೂಮಿನಿಯಂ ಹೊಯ್ದ್ರ ಒಂದು ಕೈಲೆ ಎತ್ತತೀನಿ, ಕಬ್ಬಿಣ ಹೊಯ್ದ್ರ ಎರಡು ಮಂದಿ ಬೇಕು. ಪುಸ್ತಕದವರು ಒಮ್ಮೆ ಬಂದು ಎತ್ತಿ ನೋಡ್ಲಿ.

ಟ್ಯೂಷನ್_ಮಾಸ್ತರ_ವಿಜಯಪುರ
ಅಣ್ಣಾವ್ರ, ಇಲ್ಲಿ ಮಾತು ನ್ಯೂಕ್ಲಿಯಸ್ಸಿಂದು. ಲೋಹದ್ದಲ್ಲ.

ಟಿಳಕವಾಡಿ_ಮೇಡಂ
ಫೌಂಡ್ರಿಯವರ ಮಾತನ್ನ ಹಂಗs ಬಿಟ್ಟುಬಿಡಬ್ಯಾಡ್ರಿ. ಹುಡುಗಿ ಕೇಳಿದ್ದಕ್ಕ ಉತ್ತರದ ದಾರಿ ಅಲ್ಲಿಂದಲೇ ಸಿಗತದ. ಅಲ್ಯೂಮಿನಿಯಂ ಮತ್ತು ಬಂಗಾರ ತಗೊಳ್ರಿ. ಅಲ್ಯೂಮಿನಿಯಂ ಪರಮಾಣುವಿನ ತೂಕ 27, ಬಂಗಾರದ್ದು 197. ಅಂದರೆ 7.3 ಪಟ್ಟು. ಸಾಂದ್ರತೆ 2.7 ಮತ್ತು 19.3, ಅದೂ ಹೆಚ್ಚುಕಡಿಮೆ 7 ಪಟ್ಟು. ಇದರ ಅರ್ಥ ಏನು? ಎರಡೂ ಲೋಹದಲ್ಲಿ ಒಂದೊಂದು ಪರಮಾಣು ಹಿಡಿಯುವ ಜಾಗ ಬಹುತೇಕ ಒಂದೇ. ಏಳು ಪಟ್ಟು ಭಾರವಾದರೂ ಬಂಗಾರದ ಪರಮಾಣು ದೊಡ್ಡದಾಗಲೇ ಇಲ್ಲ.

ಪರಮಾಣುವಿನಲ್ಲಿ ನಡುವೆ ಒಬ್ಬ ಯಜಮಾನ ಇದ್ದಾನೆ, ನ್ಯೂಕ್ಲಿಯಸ್. ಅವನ ಎಳೆತ ದೂರದವರೆಗೂ ಮುಟ್ಟುತ್ತದೆ. ಬಂಗಾರದಲ್ಲಿ 79 ಪ್ರೋಟಾನ್ ಸೇರಿ ಒಳಗಿನ ಎಲೆಕ್ಟ್ರಾನುಗಳನ್ನು ಬಲವಾಗಿ ಹತ್ತಿರ ಎಳೆದುಕೊಳ್ಳುತ್ತವೆ, ಹಾಗಾಗಿ ಎಲೆಕ್ಟ್ರಾನ್ ಸಂಖ್ಯೆ ಹೆಚ್ಚಿದರೂ ಪರಮಾಣು ಊದಿಕೊಳ್ಳುವುದಿಲ್ಲ. ಮುಧೋಳದ ಹುಡುಗಿ "ಜಾಸ್ತಿ ಮಂದಿ ಎಳೆದರೆ ಜಾಸ್ತಿ ಬಿಗಿ" ಅಂದಳಲ್ಲ, ಅದು ಪರಮಾಣುವಿಗೆ ಸರಿಯಾದ ಮಾತು. ಅದೇ ತರ್ಕ ನ್ಯೂಕ್ಲಿಯಸ್ಸಿಗೆ ಯಾಕೆ ನಡೆಯುವುದಿಲ್ಲ ಅನ್ನುವುದೇ ನಿಜವಾದ ಪ್ರಶ್ನೆ. A ಕ್ಯಾನ್ಸಲ್ ಆಗುವುದು ಅದಕ್ಕೆ ಉತ್ತರ ಅಲ್ಲ. A^(1/3) ಅಂತ ಬರೆದ ಕ್ಷಣದಲ್ಲೇ ಸಾಂದ್ರತೆ ಒಂದೇ ಅಂತ ನಾವು ಹೇಳಿ ಮುಗಿಸಿರುತ್ತೇವೆ.

ಕೃಷ್ಣಾತೀರ_ಜಮಖಂಡಿ
ನನಗ ಕಣದಾಗಿನ ಜೋಳದ ಗುಂಪಿ ನೆನಪಾತು. ಒಂದು ಚೀಲ ಸುರುವಿದ್ರೂ ಹತ್ತು ಚೀಲ ಸುರುವಿದ್ರೂ ಒಂದು ಸೇರು ತುಂಬಿ ತೂಗಿದ್ರ ತೂಕ ಅಷ್ಟs. ಗುಂಪಿ ದೊಡ್ಡದಾತು ಅಂತ ಒಂದು ಕಾಳು ಮತ್ತೊಂದು ಕಾಳಿನ ಒಳಗ ಹೋಗಂಗಿಲ್ಲ. ಕಾಳು ಎಂಟು ಪಟ್ಟು ಆದ್ರ ಗುಂಪಿಯ ಎತ್ತರ ಎರಡೇ ಪಟ್ಟು. ಘನಮೂಲ ಅಂದ್ರ ಇದ ಅಲ್ಲೇನ್ರಿ?

ಟಿಳಕವಾಡಿ_ಮೇಡಂ
ಘನಮೂಲದ ಮಟ್ಟಿಗೆ ಜೋಳ ಚೆನ್ನಾಗಿದೆ. ಆದರೆ ಜೋಳದ ಕಾಳುಗಳು ಒಂದನ್ನೊಂದು ಎಳೆಯುವುದಿಲ್ಲ, ನ್ಯೂಕ್ಲಿಯಾನುಗಳು, ಅಂದರೆ ಪ್ರೋಟಾನ್ ಮತ್ತು ನ್ಯೂಟ್ರಾನುಗಳು, ಎಳೆಯುತ್ತವೆ. ಎಳೆದರೂ ಯಾಕೆ ಕುಸಿಯುವುದಿಲ್ಲ ಅನ್ನುವುದನ್ನು ಜೋಳ ಹೇಳುವುದಿಲ್ಲ.

ಮಾಸ್ತರರ "ತಾಗಿ ಕುಂತ ಗಟ್ಟಿ ಗೋಳ" ಅರ್ಧ ಸರಿ. ಲೆಕ್ಕ ಹಾಕಿ ನೋಡೋಣ. ಪ್ರೋಟಾನಿನ ಅಳೆದ ವಿದ್ಯುದಾವೇಶ ತ್ರಿಜ್ಯ 0.84 ಫೆರ್ಮಿ. ಅಂಥ ಗೋಳದ ಗಾತ್ರ ಸುಮಾರು 2.5 ಘನ ಫೆರ್ಮಿ. ದೊಡ್ಡ ನ್ಯೂಕ್ಲಿಯಸ್ಸಿನ ಒಳಗೆ ಒಂದು ಘನ ಫೆರ್ಮಿಗೆ ಸುಮಾರು 0.16 ನ್ಯೂಕ್ಲಿಯಾನ್ ಇವೆ, ಅಂದರೆ ಒಂದೊಂದಕ್ಕೆ 6 ಘನ ಫೆರ್ಮಿಗಿಂತ ತುಸು ಹೆಚ್ಚು ಜಾಗ. ತುಂಬಿದ್ದು ನೂರಕ್ಕೆ 40ರಷ್ಟು ಮಾತ್ರ. ಒಂದೇ ಅಳತೆಯ ಗೋಳಗಳನ್ನು ಒತ್ತಾಗಿ ಜೋಡಿಸಿದರೆ ನೂರಕ್ಕೆ 74 ತುಂಬಬೇಕಿತ್ತು. ಹಾಗಾಗಿ ಅವು ತಾಗಿ ಕೂತಿಲ್ಲ. ಸುಮಾರು 1.8 ಫೆರ್ಮಿ ಅಂತರದಲ್ಲಿ ಓಡಾಡಿಕೊಂಡಿವೆ.

ಆ ಅಂತರ ಬರುವುದು ಬಲದ ಸ್ವಭಾವದಿಂದ. ಎರಡು ನ್ಯೂಕ್ಲಿಯಾನುಗಳ ನಡುವಿನ ಬಲ ಸುಮಾರು 1 ಫೆರ್ಮಿ ದೂರದಲ್ಲಿ ಜೋರಾಗಿ ಎಳೆಯುತ್ತದೆ. 2–3 ಫೆರ್ಮಿ ದಾಟಿದ ಮೇಲೆ ಬೇಗ ಸತ್ತುಹೋಗುತ್ತದೆ. ಅರ್ಧ ಫೆರ್ಮಿಗಿಂತ ಹತ್ತಿರ ಬಂದರೆ ಜೋರಾಗಿ ದೂಡುತ್ತದೆ. ಸೀಸದ ನ್ಯೂಕ್ಲಿಯಸ್ಸಿನ ಅಡ್ಡಗಲ 14 ಫೆರ್ಮಿ. ಈ ತುದಿಯವನಿಗೆ ಆ ತುದಿಯವನು ಇದ್ದಾನೆ ಅಂತಲೇ ಗೊತ್ತಿಲ್ಲ. 208 ಮಂದಿ ಇದ್ದರೂ ಪ್ರತಿಯೊಬ್ಬನನ್ನು ಎಳೆಯುವವರು ಅಕ್ಕಪಕ್ಕದವರಷ್ಟೇ.

ಮುಧೋಳದ_ಪಿಯುಸಿ
ಮೇಡಂ, ಅಕ್ಕಪಕ್ಕದವರಷ್ಟೇ ಎಳೀತಾರ ಅನ್ನೂದಕ್ಕ ಸಾಕ್ಷಿ ಏನ್ರಿ? ಬಲ ಹಿಂಗೈತಿ ಅಂತ ನಂಬಬೇಕೋ, ಅಳದು ತೋರಸ್ಲಿಕ್ಕೆ ಬರ್ತೈತೋ?

ಟಿಳಕವಾಡಿ_ಮೇಡಂ
ಬಂಧನ ಶಕ್ತಿ ನೋಡವ್ವ. ಅದು ನಿನ್ನ ಪಾಠದಲ್ಲೇ ಇದೆ. ಆಕ್ಸಿಜನ್-16ರಲ್ಲಿ ಒಂದೊಂದು ನ್ಯೂಕ್ಲಿಯಾನಿಗೆ 7.98 ಎಂಇವಿ. ಸೀಸ-208ರಲ್ಲಿ 7.87. ಎಲ್ಲರೂ ಎಲ್ಲರನ್ನೂ ಎಳೆಯುತ್ತಿದ್ದರೆ ಆಕ್ಸಿಜನ್‌ನಲ್ಲಿ ಒಬ್ಬನಿಗೆ 15 ಜೊತೆಗಾರರು, ಸೀಸದಲ್ಲಿ 207. ದೂರ ಬದಲಾಗಲಿಲ್ಲ ಅಂದುಕೊಂಡರೂ ಸೀಸದ ಅಂಕಿ ಸುಮಾರು 14 ಪಟ್ಟು ಆಗಬೇಕಿತ್ತು. ಆಗಿಲ್ಲ, ತುಸು ಕಡಿಮೆಯೇ ಇದೆ. ಆ ಕಡಿಮೆಗೆ 82 ಪ್ರೋಟಾನುಗಳು ಒಂದನ್ನೊಂದು ದೂಡುವುದು ಮುಖ್ಯ ಕಾರಣ. ವಿದ್ಯುತ್ ಬಲಕ್ಕೆ ದೂರದ ಮಿತಿ ಇಲ್ಲ, ಅಲ್ಲಿ ಮಾತ್ರ ಎಲ್ಲರ ಲೆಕ್ಕವೂ ಸೇರುತ್ತದೆ.

ಮುಧೋಳದ_ಪಿಯುಸಿ
ಇದು ಮನಸ್ಸಿಗೆ ಹತ್ತಿತ್ರಿ ಮೇಡಂ. ನಾನು ಕಬ್ಬಿಣ-56ಕ್ಕ ಮತ್ತ ಸೀಸ-208ಕ್ಕ ಲೆಕ್ಕ ಹಾಕಿ ನೋಡಿದೆ. ಕ್ಯಾಲ್ಕುಲೇಟರ್ ಇಲ್ಲದ ಘನಮೂಲ ಹಿಂಗ ತಗದೆ. 208ರ ಹತ್ರ 216 ಐತಿ, ಅದು 6ರ ಘನ. 8 ಕಡಿಮಿ ಐತಿ, ಅದನ್ನ 3×36ಕ್ಕ ಭಾಗಿಸಿದ್ರ 0.07. ಅಂದ್ರ 5.93. ಹಂಗs 56ಕ್ಕ 64 ಹತ್ರ, 8ನ್ನ 3×16ಕ್ಕ ಭಾಗಿಸಿದ್ರ 0.17, ಅಂದ್ರ 3.83.

ಸೀಸದ ತ್ರಿಜ್ಯ 7.1 ಫೆರ್ಮಿ, ಕಬ್ಬಿಣದ್ದು 4.6. ಗಾತ್ರ 1,505 ಮತ್ತ 405 ಘನ ಫೆರ್ಮಿ. ಒಂದೊಂದು ನ್ಯೂಕ್ಲಿಯಾನಿಗೆ 1.66×10⁻²⁷ ಕೆ.ಜಿ. ಹಿಡಿದ್ರ ಎರಡಕ್ಕೂ 2.29×10¹⁷ ಬಂತು. ಮೂರನೇ ಅಂಕಿ ತನಕ ಕೂಡ್ತು! ಅಂದ್ರ ಸಾಬೀತಾತು ಅಲ್ರಿ?

ಟ್ಯೂಷನ್_ಮಾಸ್ತರ_ವಿಜಯಪುರ
ಶಾಬ್ಬಾಸ್ ತಂಗಿ. ಘನಮೂಲದ ಈ ಹಾದಿ ಎಲ್ಲಾ ಹುಡುಗರೂ ಕಲೀಬೇಕು. A ಪೂರ್ಣ ಘನದ ಹತ್ರ ಇದ್ರ ಸಾಕು, ಪೆನ್ನು ಎತ್ತೂದ್ರಾಗ ಉತ್ತರ.

ಟಿಳಕವಾಡಿ_ಮೇಡಂ
ಘನಮೂಲದ ವಿಧಾನಕ್ಕೆ ನನ್ನದೂ ಶಾಬ್ಬಾಸ್. ಆದರೆ ಸಾಬೀತಾದದ್ದು ಏನೂ ಇಲ್ಲ. ಸೂತ್ರದೊಳಗೆ ಹಾಕಿದ್ದನ್ನೇ ನೀನು ಹೊರಗೆ ತೆಗೆದೆ, ಮೂರು ಅಂಕಿ ಅಲ್ಲ, ಮೂವತ್ತು ಅಂಕಿಯವರೆಗೂ ಕೂಡುತ್ತದೆ. ಪರೀಕ್ಷಿಸಬೇಕಾದರೆ ಸೂತ್ರದ ತ್ರಿಜ್ಯ ಬಿಟ್ಟು ಅಳೆದ ತ್ರಿಜ್ಯ ಹಾಕಬೇಕು.

ಅಳೆದದ್ದು ಹೇಗೆ ಅಂದರೆ, 1950ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಾಬರ್ಟ್ ಹಾಫ್‌ಸ್ಟಾಟರ್ ಮತ್ತು ಸಂಗಡಿಗರು ವೇಗದ ಎಲೆಕ್ಟ್ರಾನುಗಳನ್ನು ನ್ಯೂಕ್ಲಿಯಸ್ಸುಗಳ ಮೇಲೆ ಹಾಯಿಸಿ, ಯಾವ ಕೋನಕ್ಕೆ ಎಷ್ಟು ಚದುರಿದವು ಅಂತ ಎಣಿಸಿದರು. 200 ಎಂಇವಿ ಎಲೆಕ್ಟ್ರಾನಿನ ತರಂಗದೂರ ಸುಮಾರು 6 ಫೆರ್ಮಿ, ಅಂದರೆ ನ್ಯೂಕ್ಲಿಯಸ್ಸಿನ ಅಳತೆಯದೇ. ಎಲೆಕ್ಟ್ರಾನಿಗೆ ನ್ಯೂಕ್ಲಿಯರ್ ಬಲ ತಾಗುವುದಿಲ್ಲ, ಅದಕ್ಕೆ ಕಾಣುವುದು ಆವೇಶ ಮಾತ್ರ, ಹಾಗಾಗಿ ಲೆಕ್ಕ ಸ್ವಚ್ಛ. 1961ರ ನೊಬೆಲ್‌ನ ಅರ್ಧ ಪಾಲು ಅವರಿಗೆ ಬಂತು. ರುದರ್‌ಫೋರ್ಡ್ ತ್ರಿಜ್ಯ ಅಳೆದ ಅಂತ ಹುಡುಗರು ಬರೆಯುತ್ತಾರೆ. ಬಂಗಾರದ ಮೇಲೆ 7.7 ಎಂಇವಿ ಆಲ್ಫಾ ಕಣ ನೇರ ಹೋದರೂ 30 ಫೆರ್ಮಿ ದೂರದಲ್ಲೇ ನಿಂತು ತಿರುಗುತ್ತದೆ. ನ್ಯೂಕ್ಲಿಯಸ್ ಅದಕ್ಕಿಂತ ಚಿಕ್ಕದು ಅಂತ ಮಾತ್ರ ಅದರಿಂದ ಹೇಳಲಿಕ್ಕೆ ಬರುತ್ತದೆ.

ಈಗ ಲೆಕ್ಕ. ಎಲೆಕ್ಟ್ರಾನ್ ಚದುರಿಕೆಯಿಂದ ಸಿಗುವ ವರ್ಗ-ಸರಾಸರಿ ತ್ರಿಜ್ಯಗಳು: ಆಕ್ಸಿಜನ್-16ಕ್ಕೆ 2.70, ಕಬ್ಬಿಣ-56ಕ್ಕೆ 3.74, ಸೀಸ-208ಕ್ಕೆ 5.50 ಫೆರ್ಮಿ. ಒಂದೇ ಸಮ ತುಂಬಿದ ಗೋಳದ ತ್ರಿಜ್ಯ ಬೇಕಾದರೆ 1.29ರಿಂದ ಗುಣಿಸು. ಆಮೇಲೆ A ಭಾಗಿಸು ಗಾತ್ರ ಮಾಡಿ ಹೇಳು.

ಮುಧೋಳದ_ಪಿಯುಸಿ
ಮಾಡಿದೆ ಮೇಡಂ. ಗೋಳದ ತ್ರಿಜ್ಯ 3.49, 4.83, 7.10. ಒಂದು ಘನ ಫೆರ್ಮಿಗೆ ಆಕ್ಸಿಜನ್‌ದಾಗ 0.090, ಕಬ್ಬಿಣದಾಗ 0.119, ಸೀಸದಾಗ 0.139.

ಒಂದೇ ಇಲ್ಲಲ್ರೀ! ಸೀಸ ಆಕ್ಸಿಜನ್‌ಗಿಂತ ಒಂದೂವರೆ ಪಟ್ಟು. ನಾ ಮೊದಲ ಹೇಳಿದಂಗ ಜಾಸ್ತಿ ಮಂದಿ ಇದ್ರ ಜಾಸ್ತಿ ಬಿಗಿ ಅಂತನ ಬಂತಲ್ಲ?

ಉದ್ಯಮಬಾಗ_ಫೌಂಡ್ರಿ
ನಾ ಹೇಳಿದ್ನಿಲ್ಲ.

ಟ್ಯೂಷನ್_ಮಾಸ್ತರ_ವಿಜಯಪುರ
ಮೇಡಂ, ಇದು ಹುಡುಗರ ತಲ್ಯಾಗ ಗೊಂದಲ ತುಂಬೂ ಕೆಲಸ. ಪಠ್ಯದಾಗ ಸ್ಪಷ್ಟ ಬರದಾರ, ಸಾಂದ್ರತೆ A ಮ್ಯಾಲ ಅವಲಂಬಿಸಿಲ್ಲ ಅಂತ. ಈಗ 0.09 ಅಂತ ಬರದು ಬಂದ್ರ ಮಾರ್ಕ್ಸ್ ಯಾರು ಕೊಡ್ತಾರ?

ಟಿಳಕವಾಡಿ_ಮೇಡಂ
ಪರೀಕ್ಷೆಯಲ್ಲಿ 1:1 ಅಂತಲೇ ಬರೆಯಲಿ ಮಾಸ್ತರ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅವಳು ಕೇಳಿದ್ದು ಯಾಕೆ ಅಂತ.

ಸಮಸ್ಯೆ ಇರುವುದು "ಒಂದೇ ಸಮ ತುಂಬಿದ ಗೋಳ" ಅನ್ನುವ ಕಡೆ. ನ್ಯೂಕ್ಲಿಯಸ್ಸಿಗೆ ಚೂಪಾದ ಅಂಚಿಲ್ಲ. ಒಳಗೆ ಸಾಂದ್ರತೆ ಸಮತಟ್ಟಾಗಿರುತ್ತದೆ, ಹೊರಗೆ ಹೋದಂತೆ ಇಳಿಯುತ್ತದೆ. ನೂರಕ್ಕೆ 90ರಿಂದ 10ಕ್ಕೆ ಇಳಿಯಲು ಸುಮಾರು 2.3 ಫೆರ್ಮಿ ಬೇಕು, ಮತ್ತು ಈ ಅಂಚಿನ ದಪ್ಪ ಸಣ್ಣದಕ್ಕೂ ದೊಡ್ಡದಕ್ಕೂ ಹೆಚ್ಚುಕಡಿಮೆ ಅಷ್ಟೇ. ಸೀಸದಲ್ಲಿ ಸಾಂದ್ರತೆ ಅರ್ಧಕ್ಕೆ ಇಳಿಯುವುದು 6.6 ಫೆರ್ಮಿಯಲ್ಲಿ. ಅಂಚು ಶುರುವಾಗುವುದು 5.5ರ ಹತ್ತಿರ, ಅಲ್ಲಿಯವರೆಗೆ ಸಮತಟ್ಟು. ಆಕ್ಸಿಜನ್‌ನಲ್ಲಿ ಅರ್ಧಕ್ಕೆ ಇಳಿಯುವುದು 2.6ರಲ್ಲಿ, ಅಂಚು 1.4ರಲ್ಲೇ ಶುರು. ಅದರಲ್ಲಿ ಒಳಭಾಗ ಅಂತ ಉಳಿಯುವುದೇ ಸ್ವಲ್ಪ, ಮಿಕ್ಕಿದ್ದೆಲ್ಲ ಅಂಚು. ತೆಳ್ಳಗಿನ ಅಂಚನ್ನೂ ಸೇರಿಸಿ ಸರಾಸರಿ ತೆಗೆದರೆ ಅಂಕಿ ಕಡಿಮೆ ಬಂದೇ ಬರುತ್ತದೆ. ಕೃಷ್ಣಾತೀರದವರ ಜೋಳ ಇಲ್ಲಿ ಮತ್ತೆ ಉಪಯೋಗಕ್ಕೆ ಬಂತು. ಸಣ್ಣ ಗುಂಪಿಯಲ್ಲಿ ಸುತ್ತ ಚೆಲ್ಲಿದ ಕಾಳೇ ಜಾಸ್ತಿ ಪಾಲು.

ಅಂಚನ್ನು ಬೇರೆ ಮಾಡಿ ನಡುವಿನ ಸಾಂದ್ರತೆ ನೋಡು. ಸೀಸಕ್ಕೆ 0.16, ಕಬ್ಬಿಣಕ್ಕೆ 0.17ರ ಸಮೀಪ. 0.139 ಮತ್ತು 0.119ರ ನಡುವಿನ ಅಂತರ ಬಹುತೇಕ ಮಾಯವಾಯಿತು. ಕಬ್ಬಿಣದ್ದೇ ತುಸು ಹೆಚ್ಚು ಅನ್ನುವುದನ್ನೂ ಗಮನಿಸು. ಹೆಚ್ಚು ಮಂದಿ ಇದ್ದರೆ ಹೆಚ್ಚು ಬಿಗಿ ಆಗಿದ್ದರೆ ಸೀಸ ಮುಂದಿರಬೇಕಿತ್ತು. "ಸಾಂದ್ರತೆ ಹೆಚ್ಚುಕಡಿಮೆ ಒಂದೇ" ಅನ್ನುವ ಮಾತು ಈ ಒಳಭಾಗದ ಬಗ್ಗೆ. ಅದನ್ನು ಕೆ.ಜಿ.ಗೆ ತಂದರೆ 2.7×10¹⁷ ಬರುತ್ತದೆ, ಪಠ್ಯದ 2.3 ಅಲ್ಲ. ಪಠ್ಯದ್ದು ಅಂಚನ್ನೂ ಕೂಡಿಸಿದ ಸರಾಸರಿ.

ಕೃಷ್ಣಾತೀರ_ಜಮಖಂಡಿ
ಹಂಗಾದ್ರ R₀ ಅನ್ನೂದು ಕೂಡ ಒಂದs ಅಂಕಿ ಅಲ್ಲ ಅಂದಂಗಾತು. ನಾ ಒಂದೊಂದು ಕಡೆ 1.1, 1.2, 1.25 ಅಂತ ಎಲ್ಲಾ ನೋಡೇನಿ, ಅಚ್ಚಿನ ತಪ್ಪು ಅನ್ಕೊಂಡಿದ್ದೆ.

ಟಿಳಕವಾಡಿ_ಮೇಡಂ
ಅಚ್ಚಿನ ತಪ್ಪಲ್ಲ. ಯಾವುದನ್ನು ತ್ರಿಜ್ಯ ಅಂತ ಕರೆಯುತ್ತೀರಿ ಅನ್ನುವುದರ ಮೇಲೆ ಅದು ನಿಂತಿದೆ. ಸಾಂದ್ರತೆ ಅರ್ಧಕ್ಕೆ ಇಳಿಯುವ ಜಾಗ ಹಿಡಿದರೆ 1.1ರ ಹತ್ತಿರ. ಸಮ ತುಂಬಿದ ಗೋಳ ಹಿಡಿದರೆ ಸೀಸಕ್ಕೆ 1.20, ಕಬ್ಬಿಣಕ್ಕೆ 1.26, ಆಕ್ಸಿಜನ್‌ಗೆ 1.39. ಎರಡು ಕಡೆಯ ಅಂಕಿ ಬೆರೆಸಿದರೆ ಮಾತ್ರ ಕಷ್ಟ. R₀ ಘನವಾಗಿ ಬರುತ್ತದೆ, ಅದರಲ್ಲಿ ನೂರಕ್ಕೆ 5 ವ್ಯತ್ಯಾಸ ಅಂದರೆ ಸಾಂದ್ರತೆಯಲ್ಲಿ ನೂರಕ್ಕೆ 15.

ಟ್ಯೂಷನ್_ಮಾಸ್ತರ_ವಿಜಯಪುರ
1.39 ಆಗುವಷ್ಟು ತಪ್ಪುವ ಸೂತ್ರ ಅಂದ್ರ, ಅದನ್ನ ಯಾವಲ್ಲಿ ತನಕ ನಂಬಬೇಕ್ರಿ? ಇದನ್ನರ ಹೇಳ್ರಿ, ನಾಳೆ ನನ್ನ ಹುಡುಗರೂ ಕೇಳ್ತಾರ.

ಟಿಳಕವಾಡಿ_ಮೇಡಂ
ನನ್ನ ಅಭಿಪ್ರಾಯದಲ್ಲಿ A ಇಪ್ಪತ್ತಕ್ಕಿಂತ ಕೆಳಗೆ ಇದ್ದರೆ ಅಂದಾಜಿಗೆ ಮಾತ್ರ. ಡ್ಯೂಟೆರಾನ್ ನೋಡಿ, ಎರಡೇ ಕಣ. ವರ್ಗ-ಸರಾಸರಿ ತ್ರಿಜ್ಯ 2.1 ಫೆರ್ಮಿ. ನಾಲ್ಕು ಕಣದ ಹೀಲಿಯಂ-4ದ್ದು 1.7. ಅರ್ಧ ಭಾರದ್ದು ದೊಡ್ಡದು! ಡ್ಯೂಟೆರಾನಿನ ಬಂಧನ ಬಹಳ ಸಡಿಲ, ಹಾಗಾಗಿ ಹರಡಿಕೊಂಡಿದೆ. ಲಿಥಿಯಂ-11 ಇನ್ನೂ ವಿಚಿತ್ರ. ಅದರ ಕಡೆಯ ಎರಡು ನ್ಯೂಟ್ರಾನುಗಳು ಒಳಗಿನ ಗುಂಪಿನಿಂದ ಬಹಳ ದೂರ ತೇಲುತ್ತಿರುತ್ತವೆ. 1985ರಲ್ಲಿ ತಾನಿಹಾತ ಅವರ ತಂಡ ಇದನ್ನು ಅಳೆದಾಗ ಲಿಥಿಯಂ-9ಕ್ಕಿಂತ ಅದು ಲೆಕ್ಕಕ್ಕೆ ಮೀರಿ ದೊಡ್ಡದಿತ್ತು.

ದೊಡ್ಡದರಲ್ಲೂ ಒಂದು ಎಚ್ಚರಿಕೆ. ಕ್ಯಾಲ್ಸಿಯಂ-40 ಮತ್ತು 48, ಎಂಟು ನ್ಯೂಟ್ರಾನ್ ವ್ಯತ್ಯಾಸ. ಸೂತ್ರ ಹೇಳುವಂತೆ ತ್ರಿಜ್ಯ ನೂರಕ್ಕೆ 6 ಹೆಚ್ಚಬೇಕು. ಅಳೆದರೆ ಎರಡಕ್ಕೂ 3.48. ಎಲೆಕ್ಟ್ರಾನಿಗೆ ಕಾಣುವುದು ಪ್ರೋಟಾನುಗಳ ಹರವು ಮಾತ್ರ ಅನ್ನುವುದನ್ನು ಮರೆಯಬಾರದು, ಹೆಚ್ಚುವರಿ ನ್ಯೂಟ್ರಾನುಗಳ ಒಂದಷ್ಟು ಪಾಲು ಹೊರಪದರದಲ್ಲಿರುತ್ತದೆ. ಅಷ್ಟರಿಂದಲೇ ಪೂರ್ತಿ ವಿವರಣೆ ಸಿಗುವುದಿಲ್ಲ. ಎರಡರ ಪ್ರೋಟಾನ್ ಹರವು ಅಷ್ಟು ನಿಖರವಾಗಿ ಸಮ ಯಾಕೆ ಅನ್ನುವುದರ ಬಗ್ಗೆ ಈಗಲೂ ವಾದ ನಡೆದಿದೆ.

ಕೃಷ್ಣಾತೀರ_ಜಮಖಂಡಿ
ನಾ ತಿರುಗಾ ದೊಡ್ಡ ಕಡೆ ಹೋದೆ. ಸೂರ್ಯನ 1.4 ಪಟ್ಟು ತೂಕದ ನ್ಯೂಟ್ರಾನ್ ನಕ್ಷತ್ರ ಒಂದು ನ್ಯೂಕ್ಲಿಯಸ್ ಅಂತ ತಿಳಕೊಂಡೆ. A ಸುಮಾರು 1.7×10⁵⁷. ಘನಮೂಲ 1.2×10¹⁹. 1.2 ಫೆರ್ಮಿಗೆ ಗುಣಿಸಿದ್ರ 14 ಕಿ.ಮೀ.! ಖರೇ ನಕ್ಷತ್ರ 12ರ ಆಸುಪಾಸು ಅಂತಾರ. ಸೀಸದಿಂದ ನಕ್ಷತ್ರದ ತನಕ ಒಂದs ಸೂತ್ರ.

ಟಿಳಕವಾಡಿ_ಮೇಡಂ
ಅಂಕಿ ಸೊಗಸಾಗಿ ಬಂದಿದೆ, ಆದರೆ ಅದಕ್ಕೆ ಅರ್ಧ ಮಾತ್ರ ಬೆಲೆ ಕೊಡಿ. ನಕ್ಷತ್ರವನ್ನು ಹಿಡಿದಿರುವುದು ಗುರುತ್ವ, ಅದಕ್ಕೆ ದೂರದ ಮಿತಿ ಇಲ್ಲ. ಅಲ್ಲಿ ಎಲ್ಲರೂ ಎಲ್ಲರನ್ನೂ ಎಳೆಯುತ್ತಾರೆ. ಹುಡುಗಿ ಮೊದಲು ಕೇಳಿದ ಹೆದರಿಕೆ ಅಲ್ಲಿ ನಿಜವಾಗುತ್ತದೆ. ನಡುವಿನ ಸಾಂದ್ರತೆ ನ್ಯೂಕ್ಲಿಯಸ್ಸಿನ ಹಲವು ಪಟ್ಟು ಏರುತ್ತದೆ, ತೂಕ ಹೆಚ್ಚಿದರೂ ತ್ರಿಜ್ಯ ಘನಮೂಲದಂತೆ ಬೆಳೆಯುವುದಿಲ್ಲ, ಒಂದು ಮಿತಿ ದಾಟಿದರೆ ಕುಸಿಯುತ್ತದೆ. 1.4 ಸೂರ್ಯನಿಗೆ ಸರಿ ಬಂತು ಅಂತ 2 ಸೂರ್ಯನಿಗೆ ಅದೇ ಸೂತ್ರ ಹಾಕಬೇಡಿ.

ಮುಧೋಳದ_ಪಿಯುಸಿ
ಕಡೀ ಪ್ರಶ್ನೆ ಮೇಡಂ. 0.16 ಅನ್ನೂ ಅಂಕಿನs ಯಾಕ ಬಂತು? ಬಲ ಅರ್ಧ ಫೆರ್ಮಿ ಒಳಗ ದೂಡ್ತೈತಿ ಅಂದ್ರಿ, ಆದ್ರ ಅಂತರ 1.8 ಐತಿ. ಮತ್ತ ಅಷ್ಟು ದೂರ ಯಾಕ ನಿಂತಾವ?

ಟ್ಯೂಷನ್_ಮಾಸ್ತರ_ವಿಜಯಪುರ
ತಂಗಿ, ಇದು ಸಿಲಬಸ್ ಹೊರಗ.

ಟಿಳಕವಾಡಿ_ಮೇಡಂ
ಸಿಲಬಸ್ ಹೊರಗೇ, ಆದರೆ ಗುರಿಗೆ ಸರಿಯಾಗಿ ಬಡಿದಿದ್ದಾಳೆ. ದೂಡುವ ಬಲವೊಂದೇ ಸಾಲುವುದಿಲ್ಲ. ಒಂದೇ ಜಾತಿಯ, ಒಂದೇ ಸ್ಪಿನ್ನಿನ ಎರಡು ನ್ಯೂಕ್ಲಿಯಾನುಗಳನ್ನು ಪೌಲಿ ನಿಯಮ ಒಂದೇ ಸ್ಥಿತಿಯಲ್ಲಿ ಇರಲು ಬಿಡುವುದಿಲ್ಲ. ಇಕ್ಕಟ್ಟು ಹೆಚ್ಚಿದಷ್ಟೂ ಅವು ಹೆಚ್ಚು ವೇಗದ ಸ್ಥಿತಿಗಳಿಗೆ ಏರಬೇಕಾಗುತ್ತದೆ, ಅದಕ್ಕೆ ಶಕ್ತಿ ಬೇಕು. ಎಳೆತದ ಲಾಭವೂ ಈ ಖರ್ಚೂ ಸರಿದೂಗುವ ಜಾಗದಲ್ಲಿ ಸಾಂದ್ರತೆ ನಿಲ್ಲುತ್ತದೆ. ಆದರೆ ಎರಡೆರಡು ಕಣಗಳ ಬಲ ಮಾತ್ರ ಹಿಡಿದು ಲೆಕ್ಕ ಹಾಕಿದರೆ 0.16 ಸರಿಯಾಗಿ ಬರುವುದಿಲ್ಲ, ಮೂರು ಕಣ ಒಟ್ಟಿಗೆ ಇದ್ದಾಗ ಹುಟ್ಟುವ ಬಲವನ್ನೂ ಸೇರಿಸಬೇಕು. ಯಾರ ಪಾಲು ಎಷ್ಟು ಅನ್ನುವುದರಲ್ಲಿ ಲೆಕ್ಕ ಹಾಕುವವರಲ್ಲೇ ಒಮ್ಮತ ಇಲ್ಲ.

ಉದ್ಯಮಬಾಗ_ಫೌಂಡ್ರಿ
ಎಲ್ಲಾ ಓದಿದೆ. ಅರ್ಧ ತಿಳೀತು. ಅಲ್ಯೂಮಿನಿಯಂ, ಬಂಗಾರ ಎರಡರ ಪರಮಾಣೂನೂ ಒಂದs ಜಾಗಾ ಹಿಡೀತಾವ ಅಂದ್ರಲ್ಲ ಮೇಡಂ, ಹಂಗಾದ್ರ ಕಬ್ಬಿಣಕ್ಕೂ ಅಷ್ಟs ಏನ್ರಿ? 56ನ್ನ 7.9ಕ್ಕ ಭಾಗಿಸಿದ್ರ 7 ಬರ್ತೈತಿ, ಅಲ್ಯೂಮಿನಿಯಂದು 10. ಸೀಸದ್ದು 18. ಅಲ್ಲಿ ಯಾಕ ಒಂದs ಇಲ್ಲ?

ಟಿಳಕವಾಡಿ_ಮೇಡಂ
ಅದು ಹೊರಗಿನ ಎಲೆಕ್ಟ್ರಾನುಗಳು ಎಷ್ಟು ಮಂದಿ ಸೇರಿ ಬಂಧ ಕಟ್ಟುತ್ತಾರೆ ಅನ್ನುವುದರ ಮೇಲೆ. ಕಬ್ಬಿಣದಲ್ಲಿ ಜಾಸ್ತಿ, ಸೀಸದಲ್ಲಿ ಕಡಿಮೆ. ಬೇರೆ ಎಳೆ ಶುರು ಮಾಡ್ರಿ, ಅಲ್ಲಿಗೆ ಬರ್ತೀನಿ.